ಬಡ್ಡಿಗೆ ಜಿಎಸ್‌ಟಿ ಇಲ್ಲ: ಉದ್ದಿಮೆಗೆ ಅದು ಲಾಭವೋ, ಲುಕ್ಸಾನೋ?

ಓದುಗರ ಪ್ರಶ್ನೆ: "ತಾರಿಹಾಳ ಕೈಗಾರಿಕಾ ಪ್ರದೇಶದಾಗ ನಮ್ಮದು ಸಣ್ಣ ಮಷಿನ್ ಶಾಪ್ ಐತ್ರಿ, ವಾಲ್ವಿನ ಬಿಡಿಭಾಗ ಮಾಡ್ತೀವಿ. ಬ್ಯಾಂಕಿನ್ಯಾಗ 40 ಲಕ್ಷದ ಕ್ಯಾಶ್ ಕ್ರೆಡಿಟ್, ಅಂದ್ರ ಸಿಸಿ ಐತಿ, ವರ್ಷ ಪೂರ್ತಿ ಹೆಚ್ಚೂಕಡಿಮೆ ತುಂಬೇ ಇರತೈತಿ. 11% ಬಡ್ಡಿ, ಅಂದ್ರ ವರ್ಷಕ್ಕ 4.40 ಲಕ್ಷ. ಪ್ರೊಸೆಸಿಂಗ್ ಫೀ, ರಿನೀವಲ್, ಗ್ಯಾರಂಟಿ ಕಮಿಷನ್ ಎಲ್ಲಾದಕ್ಕೂ 18% ಜಿಎಸ್‌ಟಿ ಹಚ್ಚತಾರ, ಬಡ್ಡಿಗೆ ಮಾತ್ರ ಇಲ್ಲ. ನಮ್ಮ ಅಕೌಂಟಂಟರು 'ಅದು ಪುಣ್ಯಾ ಅನ್ರಿ, ಹಚ್ಚಿದ್ರ 79,200 ಹೋಗತಿತ್ತು' ಅಂತಾರ. ಬಾಜೂ ಶೆಡ್ಡಿನವರು 'ಹಚ್ಚದ ಇರೋದಕ್ಕನ ನಮಗ ಲುಕ್ಸಾನ' ಅಂತಾರ. ಯಾರದು ಖರೆ? ಇಷ್ಟು ರೊಕ್ಕಾ ತಿರುಗೋ ಬ್ಯಾಂಕಿನ ಬಡ್ಡಿಗೆ ತೆರಿಗೆ ಹಚ್ಚಾಕ ಸರ್ಕಾರಕ್ಕ ಯಾಕ ಆಗವಲ್ದು?"

ಉತ್ತರ: ಬಾಜೂ ಶೆಡ್ಡಿನವರ ಮಾತು ಖರೆ. ಆದರೆ ಲುಕ್ಸಾನಿನ ಮೊತ್ತ ಸಣ್ಣದು, ಮತ್ತು ಅದು ನಿಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ. ನಿಮ್ಮ ಅಕೌಂಟಂಟರ 79,200 ರೂಪಾಯಿ ಲೆಕ್ಕದಲ್ಲಿ ಗುಣಾಕಾರ ಸರಿಯಿದೆ, ಹಿಡಿದ ಅಂಕಿ ಸರಿಯಿಲ್ಲ. ಜಿಎಸ್‌ಟಿಯಂಥ ಮೌಲ್ಯವರ್ಧಿತ ತೆರಿಗೆಯ, ಅಂದರೆ ವ್ಯಾಟ್‌ನ, ನಿಯಮದಂತೆ ನೋಡಿದರೆ ತೆರಿಗೆ ಬೀಳಬೇಕಾದದ್ದು ಪೂರಾ 4.40 ಲಕ್ಷದ ಮೇಲೆ ಅಲ್ಲ. ಬಿದ್ದರೂ, ಬಿಲ್ಲು ಸರಿಯಾಗಿ ಬಂದರೆ ನಿಮ್ಮಂಥ ನೋಂದಾಯಿತ ಉದ್ದಿಮೆಗೆ ಅದು ಐಟಿಸಿಯಾಗಿ, ಅಂದರೆ ಕೊಂಡದ್ದರ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಆಗಿ, ವಾಪಸ್ ಸಿಗುತ್ತದೆ. ಕಷ್ಟ ಇರುವುದು ಆ ಬಿಲ್ಲು ಬರೆಯುವುದರಲ್ಲಿಯೇ.

ಲೆಕ್ಕ ಸುಲಭವಾಗಲೆಂದು 40 ಲಕ್ಷದ ಬದಲು 1 ಲಕ್ಷ ಹಿಡಿಯೋಣ. ಒಬ್ಬ ನಿವೃತ್ತ ಶಿಕ್ಷಕರು 1 ಲಕ್ಷವನ್ನು 7% ಬಡ್ಡಿಗೆ ಠೇವಣಿ ಇಡುತ್ತಾರೆ. ಬ್ಯಾಂಕು ಅದೇ 1 ಲಕ್ಷವನ್ನು ನಿಮಗೆ 11%ಕ್ಕೆ ಕೊಡುತ್ತದೆ. ವರ್ಷದ ಕೊನೆಗೆ ನೀವು ಕೊಡುವುದು 11,000, ಶಿಕ್ಷಕರಿಗೆ ಹೋಗುವುದು 7,000. ನಡುವೆ ಉಳಿದ 4,000 ಬ್ಯಾಂಕಿನ ಮಾರ್ಜಿನ್. ಸಿಬ್ಬಂದಿ ಪಗಾರ, ಶಾಖೆಯ ಬಾಡಿಗೆ, ಮುಳುಗಿದ ಸಾಲದ ನಷ್ಟ, ಲಾಭ ಎಲ್ಲ ಅದರಲ್ಲೇ ಏಳಬೇಕು.

ನೀವು 100 ರೂಪಾಯಿಯ ರಾಡು ತಂದು ಲೇತಿನ ಮೇಲೆ ತಿರುವಿ 160ಕ್ಕೆ ಮಾರಿದರೆ ತೆರಿಗೆ 160ರ ಮೇಲೆ ಬೀಳುತ್ತದೆ, 100ರ ಮೇಲೆ ಕೊಟ್ಟದ್ದು ಕಳೆಯುತ್ತದೆ. ಹೀಗಾಗಿ ನಿಮ್ಮಿಂದ ಸರ್ಕಾರಕ್ಕೆ ನಿವ್ವಳವಾಗಿ ಹೋಗುವುದು ನೀವು ಸೇರಿಸಿದ 60ರ ಮೇಲಿನ ತೆರಿಗೆ. ಬ್ಯಾಂಕಿಗೂ ಇದನ್ನೇ ಮಾಡಬಹುದಲ್ಲ, 11,000ದ ಮೇಲೆ ಹಾಕಿ 7,000ದ್ದು ಕಳೆದರಾಯಿತು ಅನ್ನಿಸುತ್ತದೆ. ಆಗುವುದಿಲ್ಲ. ರಾಡು ಮಾರಿದವರು ನಿಮಗೆ ತೆರಿಗೆ ಬಿಲ್ಲು ಕೊಟ್ಟಿದ್ದಾರೆ. ಠೇವಣಿ ಇಟ್ಟ ಶಿಕ್ಷಕರು ಬ್ಯಾಂಕಿಗೆ ತೆರಿಗೆ ಬಿಲ್ಲು ಕೊಡುವುದಿಲ್ಲ, ಅವರಿಗೆ ಜಿಎಸ್‌ಟಿ ನಂಬರೇ ಇಲ್ಲ. ಬಿಲ್ಲು ಇಲ್ಲದ ಮೇಲೆ ಕಳೆಯಲು ಏನೂ ಇಲ್ಲ. ಆಗ ತೆರಿಗೆ 4,000ದ ಮೇಲೆ 720 ಆಗುವ ಬದಲು 11,000ದ ಮೇಲೆ 1,980 ಆಗಿಬಿಡುತ್ತದೆ. ಆ 7,000 ಯಾರೂ ಮಾಡಿದ ಸೇವೆಯ ಬೆಲೆಯಲ್ಲ. ಹಣವನ್ನು ಇಂದು ಖರ್ಚು ಮಾಡದೆ ಒಂದು ವರ್ಷ ತಡೆದದ್ದಕ್ಕೆ ಸಿಕ್ಕ ಪ್ರತಿಫಲ ಅದು. ಬಳಕೆಯ ಮೇಲೆ ಹಾಕಬೇಕಾದ ತೆರಿಗೆಯನ್ನು ಅದರ ಮೇಲೆ ಹಾಕಿದರೆ ಉಳಿತಾಯದ ಮೇಲೆಯೇ ಹಾಕಿದಂತೆ.

ಪೂರಾ ಬಡ್ಡಿಯ ಮೇಲೆ ಹಾಕಿದ ದೇಶವೂ ಇದೆ. ಚೀನಾ 2016ರ ಮೇ 1ರಿಂದ ಸಾಲದ ಬಡ್ಡಿಯನ್ನು ವ್ಯಾಟ್‌ಗೆ ತಂದಿತು. ದರ 6%, ಲೆಕ್ಕ ಇಡೀ ಬಡ್ಡಿಯ ಮೇಲೆ, ಮತ್ತು ಸಾಲ ಪಡೆದ ಕಂಪನಿಗೆ ಆ ತೆರಿಗೆಯ ಕ್ರೆಡಿಟ್ ಇಲ್ಲ. ನಿಮ್ಮ ಅಕೌಂಟಂಟರು ಹೆದರುವುದು ಇಂಥ ವ್ಯವಸ್ಥೆಗೆ. ಅಂಥದಕ್ಕೆ ಹೆದರುವುದು ಸರಿಯೇ.

ಹಾಗಾದರೆ 4,000ದ ಮಾರ್ಜಿನ್ ಮೇಲಷ್ಟೇ ಹಾಕಲಿ ಎನ್ನಬಹುದು. ಇಲ್ಲಿಂದ ಮುಂದೆ ನಿಜವಾದ ತೊಡಕು.

ಅಮರಗೋಳದ ಎಪಿಎಂಸಿಯಲ್ಲಿ ಅಡತಿ ಅಂಗಡಿಯವರು ರೈತರ ಮಾಲು ಮಾರಿಸಿಕೊಟ್ಟರೆ ಮಾಲಿನ ಬೆಲೆ ಬೇರೆ, ದಲಾಲಿ ಬೇರೆ ಎಂದು ಪಟ್ಟಿಯಲ್ಲಿ ಬರೆಯುತ್ತಾರೆ. ಬ್ಯಾಂಕು ಮಾಡುವುದೂ ನಡುವಿನ ಕೆಲಸವೇ, ಇಟ್ಟವರನ್ನೂ ತೆಗೆದುಕೊಳ್ಳುವವರನ್ನೂ ಕೂಡಿಸುವುದು. ಆದರೆ ಬ್ಯಾಂಕು ತನ್ನ ದಲಾಲಿಯನ್ನು ಎಲ್ಲೂ ಬರೆಯುವುದಿಲ್ಲ. ಶಿಕ್ಷಕರಿಗೆ ಸ್ವಲ್ಪ ಕಡಿಮೆ ಕೊಟ್ಟು, ನಿಮ್ಮಿಂದ ಸ್ವಲ್ಪ ಹೆಚ್ಚು ತೆಗೆದುಕೊಂಡು, ಎರಡೂ ಕಡೆಯಿಂದ ಅದನ್ನು ಬಡ್ಡಿಯೊಳಗೇ ಎತ್ತಿಕೊಳ್ಳುತ್ತದೆ. 4,000ದಲ್ಲಿ ಎಷ್ಟು ಶಿಕ್ಷಕರಿಗೆ ಮಾಡಿದ ಸೇವೆಯ ಬೆಲೆ (ಹಣದ ಭದ್ರತೆ, ಪಾಸ್‌ಬುಕ್ಕು, ಎಟಿಎಂ), ಎಷ್ಟು ನಿಮಗೆ ಮಾಡಿದ್ದರ ಬೆಲೆ (ಸ್ಟಾಕ್ ತಪಾಸಣೆ, ದಾಖಲೆ, ಬೇಕೆಂದಾಗ ಹಣ)?

ಇದನ್ನು ಬಿಡಿಸಲು ನಡುವೆ ಒಂದು ಶುದ್ಧ ಬಡ್ಡಿ ದರ ಬೇಕು. ಸೇವೆಯೂ ಇಲ್ಲದ, ಮುಳುಗುವ ಅಪಾಯವೂ ಇಲ್ಲದ ಹಣದ ಬೆಲೆ ಅದು. ಅದನ್ನು 8.5% ಎಂದು ಹಿಡಿದರೆ ಶಿಕ್ಷಕರು 8.5 ಸಿಗಬೇಕಾದಲ್ಲಿ 7 ಪಡೆದರು, ಅಂದರೆ 1.5% ಸೇವೆಗೆ ಕೊಟ್ಟರು. ನೀವು 8.5 ಸಾಕಾಗಿದ್ದಲ್ಲಿ 11 ಕೊಟ್ಟಿರಿ, 2.5% ಸೇವೆಗೆ ಕೊಟ್ಟಿರಿ. ಶಿಕ್ಷಕರ ಹೆಸರಿಗೆ 1,500, ನಿಮ್ಮ ಹೆಸರಿಗೆ 2,500 ರೂಪಾಯಿಯ ಬಿಲ್ಲು. ಅದೇ ದರವನ್ನು 8% ಎಂದು ಹಿಡಿದರೆ ಅವರದು 1,000, ನಿಮ್ಮದು 3,000. ಒಟ್ಟು 4,000 ಅಲುಗಲಿಲ್ಲ, ಬಿಲ್ಲು ಮಾತ್ರ ಬದಲಾಯಿತು.

ಆ ನಡುವಿನ ದರವನ್ನು ಯಾರು ಗೊತ್ತುಮಾಡಬೇಕು? ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವೇ ಇರಲಿ ಎಂದುಕೊಂಡರೆ 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ಅದು 4%ರಿಂದ 6.5%ಕ್ಕೆ ಏರಿತು. ಅದಕ್ಕೂ ಮೊದಲೇ ಐದು ವರ್ಷಕ್ಕೆಂದು ನಿಗದಿತ ಬಡ್ಡಿಗೆ ಠೇವಣಿ ಇಟ್ಟವರಿಗೆ ಬ್ಯಾಂಕು ಮಾಡುವ ಸೇವೆ ಒಂದಿಷ್ಟೂ ಬದಲಾಗಿಲ್ಲ. ಆದರೂ ಕಾಗದದ ಮೇಲೆ ಅವರ 'ಸೇವಾ ಶುಲ್ಕ' ಎರಡೂವರೆ ಪರ್ಸೆಂಟು ಏರಿಬಿಡುತ್ತದೆ. ಅದೇ ಹೊತ್ತಿಗೆ ನಿಗದಿತ ಬಡ್ಡಿಯಲ್ಲಿ ಸಾಲ ಪಡೆದವರ ಶುಲ್ಕ ಅಷ್ಟೇ ಇಳಿದು ಸೊನ್ನೆಗಿಂತಲೂ ಕೆಳಗೆ ಹೋಗಬಹುದು. ಸೊನ್ನೆಗಿಂತ ಕಡಿಮೆ ಮೊತ್ತಕ್ಕೆ ಬಿಲ್ಲು ಬರೆಯುವುದು ಹೇಗೆ? ಅಲ್ಪಾವಧಿ ಸಾಲಕ್ಕೆ ಒಂದು ದರ, 15 ವರ್ಷದ ಸಾಲಕ್ಕೆ ಇನ್ನೊಂದು ದರ ಎಂದು ಇಟ್ಟರೆ ಲೆಕ್ಕ ಸರಿಹೋಗಬಹುದು, ಆದರೆ ಲಕ್ಷಾಂತರ ಖಾತೆಗಳಿಗೆ ತಿಂಗಳು ತಿಂಗಳು ಅದನ್ನು ಮಾಡಬೇಕು.

ಮುಳುಗುವ ಅಪಾಯದ್ದು ಬೇರೆಯೇ ಪೇಚು. ನಿಮಗೆ 11% ಇರುವಲ್ಲಿ, ಹೊಸದಾಗಿ ಶೆಡ್ಡು ಹಾಕಿದ, ಅಡಮಾನ ಗಟ್ಟಿಯಿಲ್ಲದ ಒಬ್ಬರಿಗೆ 14% ಹಾಕುತ್ತಾರೆ ಎನ್ನೋಣ. ಹೆಚ್ಚಿನ 3% ಅವರಿಗೆ ಮಾಡಿದ ಹೆಚ್ಚಿನ ಸೇವೆಯಲ್ಲ. ಅಂಥ ನೂರು ಮಂದಿಯಲ್ಲಿ ಕೆಲವರು ಕಟ್ಟುವುದಿಲ್ಲ, ಆ ನಷ್ಟವನ್ನು ಉಳಿದವರಿಂದ ತುಂಬಿಕೊಳ್ಳುವ ಮೊತ್ತ ಅದು. ಬ್ಯಾಂಕಿನ ಇಡೀ ವರ್ಷದ ಲೆಕ್ಕದಲ್ಲಿ ಮುಳುಗಿದ್ದು ಕಳೆದುಹೋಗಿ ಮೊತ್ತ ಸರಿಯಾಗುತ್ತದೆ. ಒಬ್ಬೊಬ್ಬರ ಬಿಲ್ಲಿನಲ್ಲಿ ಆಗುವುದಿಲ್ಲ. ಬಿಲ್ಲು ಬರೆಯುವ ದಿನ ಯಾರು ಕಟ್ಟುತ್ತಾರೆ, ಯಾರು ಕೈ ಎತ್ತುತ್ತಾರೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಕಟ್ಟುವ ಪ್ರಾಮಾಣಿಕರಿಗೆ, ಮಾಡದ ಸೇವೆಗೆ ತೆರಿಗೆ ಬಿದ್ದಂತಾಗುತ್ತದೆ.

ಹಣಕಾಸು ಸೇವೆಗೆ ವ್ಯಾಟ್ ಹಾಕುವುದು ಕಷ್ಟ ಎನ್ನುವಾಗ ಜನರು ಸಾಮಾನ್ಯವಾಗಿ ಬ್ಯಾಂಕಿನ ಒಟ್ಟು ಸಂಪಾದನೆ ಸಿಗುವುದಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಒಟ್ಟು ಮೊತ್ತ ಬ್ಯಾಲೆನ್ಸ್ ಶೀಟಿನಲ್ಲೇ ಇದೆ. ಪಗಾರ ಮತ್ತು ಲಾಭ ಕೂಡಿಸಿದರೆ ಬ್ಯಾಂಕು ಸೇರಿಸಿದ ಮೌಲ್ಯ ಹೆಚ್ಚೂಕಡಿಮೆ ಸಿಕ್ಕಿತು. ಇಸ್ರೇಲು ಹಣಕಾಸು ಸಂಸ್ಥೆಗಳಿಗೆ ಇದೇ ದಾರಿಯಲ್ಲಿ, ಪಗಾರ ಮತ್ತು ಲಾಭದ ಮೇಲೆ, ಪ್ರತ್ಯೇಕ ತೆರಿಗೆ ಹಾಕುತ್ತದೆ. ಸರ್ಕಾರಕ್ಕೆ ಹಣ ಬರುತ್ತದೆ. ಆದರೆ ಅದು ಯಾವ ಗ್ರಾಹಕರ ಬಿಲ್ಲಿಗೂ ಇಳಿಯುವುದಿಲ್ಲ, ಹಾಗಾಗಿ ನಿಮ್ಮಂಥ ಉದ್ದಿಮೆಗೆ ಕ್ರೆಡಿಟ್ ಬರುವುದಿಲ್ಲ. ವ್ಯಾಟ್ ನಡೆಯುವುದೇ ಬಿಲ್ಲಿನ ಸರಪಳಿಯ ಮೇಲೆ. ಆದ್ದರಿಂದ ಯಾವ ಪರಿಹಾರ ಬಂದರೂ ಇಂಥ ಸಾಲಗಾರರಿಗೆ ಇಷ್ಟು ಎಂದು ಬರೆದುಕೊಡಲು ಅದಕ್ಕೆ ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಅದಕ್ಕೂ ಒಂದು ಜಾಣ ಉಪಾಯ ಇದೆ. ತೆರಿಗೆ ತಜ್ಞರಾದ ಸತ್ಯ ಪೊದ್ದಾರ್ ಮತ್ತು ಮಾರ್ಲಿ ಇಂಗ್ಲಿಷ್ 1997ರಲ್ಲಿ ವಿವರಿಸಿದ ನಗದು ಹರಿವಿನ ವಿಧಾನ. ಇದರಲ್ಲಿ ಬ್ಯಾಂಕಿಗೆ ಬಂದ ಪ್ರತಿ ರೂಪಾಯಿಯನ್ನೂ ಮಾರಾಟ ಎಂದು, ಹೋದ ಪ್ರತಿ ರೂಪಾಯಿಯನ್ನೂ ಖರೀದಿ ಎಂದು ಎಣಿಸುತ್ತಾರೆ, ಅಸಲೂ ಸೇರಿಸಿ. ನಮ್ಮ 1 ಲಕ್ಷಕ್ಕೇ ಹಚ್ಚಿ ನೋಡಿ. ಶಿಕ್ಷಕರ ಠೇವಣಿ ಬಂದ ದಿನ ಬ್ಯಾಂಕು 18,000 ತೆರಿಗೆ ಕೊಡಬೇಕು. ಅದನ್ನೇ ನಿಮಗೆ ಸಾಲ ಕೊಟ್ಟ ದಿನ 18,000 ಕ್ರೆಡಿಟ್ ಪಡೆಯುತ್ತದೆ, ಅಲ್ಲಿಗೆ ಸೊನ್ನೆ. ವರ್ಷದ ಕೊನೆಗೆ ನಿಮ್ಮಿಂದ 1,11,000 ಬಂತು, ತೆರಿಗೆ 19,980. ಶಿಕ್ಷಕರಿಗೆ 1,07,000 ಹೋಯಿತು, ಕ್ರೆಡಿಟ್ 19,260. ಉಳಿದದ್ದು 720, ಅಂದರೆ 4,000ದ 18%. ಸಾಲ ಮುಳುಗಿದರೆ ಬರುವ ಹಣವೇ ಕಡಿಮೆಯಾಗುವುದರಿಂದ ತೆರಿಗೆ ತಾನಾಗಿ ಇಳಿಯುತ್ತದೆ, ಅಪಾಯದ ಪೇಚೂ ಬಿಡುತ್ತದೆ.

ನಿಮ್ಮ ಕಡೆಯಿಂದಲೂ ಅದೇ ಲೆಕ್ಕ ನಡೆಯುತ್ತದೆ. ಸಾಲ ಕೈಗೆ ಬಂದ ದಿನ ನೀವು 18,000 ಕಟ್ಟುತ್ತೀರಿ, ತೀರಿಸಿದ ದಿನ 19,980 ಕ್ರೆಡಿಟ್ ಪಡೆಯುತ್ತೀರಿ. ಒಂದು ವರ್ಷಕ್ಕೆ 8.5%ರಂತೆ 18,000 ಬೆಳೆದು 19,530 ಆಗಬೇಕಿತ್ತು, ಸಿಕ್ಕದ್ದು 19,980. ವ್ಯತ್ಯಾಸ 450. ಅದು ಸರಿಯಾಗಿ ನಿಮ್ಮ ಪಾಲಿನ 2,500 ರೂಪಾಯಿ ಸೇವೆಯ 18%. ಬ್ಯಾಂಕು ನಿಮ್ಮಿಂದ ಬಡ್ಡಿಯೊಳಗೆ ಎತ್ತಿದ ತೆರಿಗೆ ನಿಮ್ಮ ಕೈಗೇ ತಿರುಗಿ ಬಂತು. ಶುದ್ಧ ಬಡ್ಡಿ ಇಷ್ಟು ಎಂದು ಯಾರೂ ಪ್ರತಿ ಖಾತೆಗೆ ಬರೆಯಬೇಕಾಗಿಲ್ಲ. ಲೆಕ್ಕವಾಗಿ ಇದರಲ್ಲಿ ಹುಳುಕಿಲ್ಲ.

ಹುಳುಕು ನಗದಿನಲ್ಲಿ. 40 ಲಕ್ಷದ ಸಿಸಿ ಪೂರಾ ಎತ್ತಿದ ದಿನ ನೀವು 7.20 ಲಕ್ಷ ತೆರಿಗೆ ಕಟ್ಟಬೇಕು. ಕಚ್ಚಾ ಮಾಲಿಗೆ ಸಾಲ ಮಾಡಿದವರು ತೆರಿಗೆಗೆ ಇನ್ನೊಂದು ಸಾಲ ಮಾಡಬೇಕಾಗುತ್ತದೆ. ಇದನ್ನು ತಪ್ಪಿಸಲು ತೆರಿಗೆಯನ್ನು ಕಟ್ಟಿಸಿಕೊಳ್ಳದೆ ಒಂದು ಲೆಕ್ಕದ ಖಾತೆಯಲ್ಲಿ ಬರೆದಿಟ್ಟು, ಅದಕ್ಕೆ ಬಡ್ಡಿ ಸೇರಿಸುತ್ತಾ ಹೋಗಿ ಕೊನೆಗೆ ಚುಕ್ತಾ ಮಾಡುವ ಏರ್ಪಾಟನ್ನು ಅದೇ ಲೇಖಕರು ಸೂಚಿಸಿದರು. ಆದರೆ ಬಡ್ಡಿ ಸೇರಿಸಲು ಮತ್ತೆ ಆ ನಡುವಿನ ದರ ಬೇಕಾಯಿತು. ಸಾಲ ನಡೆಯುತ್ತಿರುವಾಗ ತೆರಿಗೆ ದರ 18ರಿಂದ ಬದಲಾದರೆ ಅಸಲಿನ ಮೇಲೆಯೇ ಲಾಭವೋ ನಷ್ಟವೋ ಆಗಿಬಿಡುತ್ತದೆ. ಸಿಸಿ ಖಾತೆಯಲ್ಲಂತೂ ದಿನಕ್ಕೆ ಹತ್ತು ಸಲ ಹಣ ಹಾಕಿ ತೆಗೆಯುತ್ತೀರಿ, ಪ್ರತಿಯೊಂದೂ 'ಮಾರಾಟ', 'ಖರೀದಿ'. ಸುಳ್ಳು ಸಾಲ ತೋರಿಸಿ ಕ್ರೆಡಿಟ್ ಎತ್ತುವವರಿಗೆ ಅಸಲಿನ 18% ಒಂದೇ ಏಟಿಗೆ ಸಿಗುವ ಅಪಾಯವೂ ಇದೆ. ಮಾಲೇ ಇಲ್ಲದ ಬಿಲ್ಲಿಗೆ ಐಟಿಸಿ ಎತ್ತುವ ಪ್ರಕರಣಗಳನ್ನೇ ತಡೆಯಲು ಒದ್ದಾಡುವ ಇಲಾಖೆಗೆ ಇದು ಸಣ್ಣ ಭಯವಲ್ಲ.

ಹೀಗಾಗಿ ಯುರೋಪು 1977ರ ಆರನೇ ವ್ಯಾಟ್ ನಿರ್ದೇಶನದಲ್ಲೇ ಬಡ್ಡಿಗೆ ವಿನಾಯಿತಿ ಬರೆಯಿತು, ಬಹುತೇಕ ದೇಶಗಳು ಅದೇ ಹಾದಿ ಹಿಡಿದವು. ನಮ್ಮಲ್ಲಿ ಜಿಎಸ್‌ಟಿ ಬಂದ 2017ರಲ್ಲೇ 12ನೇ ಅಧಿಸೂಚನೆಯ 27ನೇ ಸಾಲಿನಲ್ಲಿ ಠೇವಣಿ ಮತ್ತು ಸಾಲಕ್ಕೆ ಪ್ರತಿಫಲವಾಗಿ ಬಡ್ಡಿ ಅಥವಾ ಡಿಸ್ಕೌಂಟ್ ಇದ್ದರೆ ಅದಕ್ಕೆ ತೆರಿಗೆ ಇಲ್ಲ ಎಂದಾಯಿತು. ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ಮಾತ್ರ ಹೊರಗಿಟ್ಟರು, ಅದಕ್ಕೆ 18% ಇದೆ. ಕಣ್ಣಿಗೆ ಕಾಣುವ ಫೀ, ಕಮಿಷನ್‌ಗೆ ತೆರಿಗೆ, ಬಡ್ಡಿಯೊಳಗೆ ಅಡಗಿದ್ದಕ್ಕೆ ಇಲ್ಲ. ಬಿಲ್ಲು ಬರೆಯಬಹುದಾದದ್ದಕ್ಕೆ ಬರೆಸಿದರು, ಬರೆಯಲಾಗದ್ದನ್ನು ಬಿಟ್ಟರು ಎನ್ನಬಹುದು.

ಈಗ ಬಾಜೂ ಶೆಡ್ಡಿನವರ ಮಾತಿಗೆ ಬರೋಣ. ವಿನಾಯಿತಿ ಎಂದರೆ ತೆರಿಗೆ ಇಲ್ಲ ಎಂದಲ್ಲ. ಬ್ಯಾಂಕು ಕೂಡ ಸಾಫ್ಟ್‌ವೇರು, ಶಾಖೆಯ ಬಾಡಿಗೆ, ಎಟಿಎಂ ನಿರ್ವಹಣೆ, ಆಡಿಟ್, ಕಾವಲು ಸೇವೆ ಎಲ್ಲದಕ್ಕೂ ಜಿಎಸ್‌ಟಿ ಕೊಡುತ್ತದೆ. ಮಾರುವ ಸೇವೆಗೆ ತೆರಿಗೆ ಇಲ್ಲದಿದ್ದರೆ ಕೊಂಡದ್ದರ ಮೇಲಿನ ಐಟಿಸಿಯೂ ಇಲ್ಲ. ಯಾವ ಖರ್ಚು ಫೀಗೆ ಸೇರಿದ್ದು, ಯಾವುದು ಬಡ್ಡಿಗೆ ಸೇರಿದ್ದು ಎಂದು ಬಿಡಿಸುವುದು ಕಷ್ಟವಾದ್ದರಿಂದ ಸಿಜಿಎಸ್‌ಟಿ ಕಾಯ್ದೆಯ 17(4) ಕಲಂ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಎರಡು ದಾರಿ ಕೊಟ್ಟಿದೆ. ಒಂದೋ ಪ್ರಮಾಣದ ಲೆಕ್ಕ ಹಾಕಿ ಕ್ರೆಡಿಟ್ ಪಡೆಯಬೇಕು, ಇಲ್ಲವೇ ತಿಂಗಳು ತಿಂಗಳು ಅರ್ಹ ಐಟಿಸಿಯ 50% ತೆಗೆದುಕೊಂಡು ಉಳಿದದ್ದನ್ನು ಕೈಬಿಡಬೇಕು. ಒಮ್ಮೆ ಆರಿಸಿದ ದಾರಿಯನ್ನು ಆ ಹಣಕಾಸು ವರ್ಷ ಮುಗಿಯುವವರೆಗೆ ಬದಲಿಸುವಂತಿಲ್ಲ. ಆದಾಯದಲ್ಲಿ ಬಡ್ಡಿಯ ಪಾಲೇ ಬಹಳ ಇರುವ ಬ್ಯಾಂಕಿಗೆ ಪ್ರಮಾಣದ ಲೆಕ್ಕದಲ್ಲಿ ಸಿಗುವುದು ಅತ್ಯಲ್ಪ, ಆದ್ದರಿಂದ ಅರ್ಧದ ದಾರಿ ಅದಕ್ಕೆ ಅನುಕೂಲ.

ಕೈಬಿಟ್ಟ ಆ ಅರ್ಧ ಎಲ್ಲಿಗೆ ಹೋಗುತ್ತದೆ? ಬ್ಯಾಂಕಿನ ಖರ್ಚಾಗಿ, ಅಲ್ಲಿಂದ ನಿಮ್ಮ ಬಡ್ಡಿಯೊಳಗೆ. 1 ಲಕ್ಷ ಸಾಲ ನಡೆಸಲು ಬ್ಯಾಂಕು ಹೊರಗಿನಿಂದ ಕೊಳ್ಳುವ ಸೇವೆ ವರ್ಷಕ್ಕೆ 600 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ (ಉದಾಹರಣೆಯ ಅಂಕಿ ಇದು, ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತದೆ). ಅದರ ಮೇಲೆ ಜಿಎಸ್‌ಟಿ 108, ಕೈಬಿಟ್ಟದ್ದು 54. ನಿಮ್ಮ 40 ಲಕ್ಷಕ್ಕೆ 2,160. ಈ 2,160 ಯಾವ ಬಿಲ್ಲಿನಲ್ಲೂ ಇಲ್ಲ, ನಿಮಗೆ ಸಿಗುವ ಐಟಿಸಿಯ ಪಟ್ಟಿಯಾದ GSTR-2Bಯಲ್ಲಿ ಎಂದೂ ಬರುವುದಿಲ್ಲ. ಅದು ನಿಮ್ಮ ತಯಾರಿಕಾ ವೆಚ್ಚದಲ್ಲಿ ಸೇರಿ, ಬಿಡಿಭಾಗದ ಬೆಲೆಯಲ್ಲಿ ಸೇರಿ, ಆ ಬೆಲೆಯ ಮೇಲೆ ನೀವು ಮತ್ತೆ 18% ಹಾಕುತ್ತೀರಿ. ತೆರಿಗೆಯ ಮೇಲೆ ತೆರಿಗೆ ಬೀಳುವುದು ಇಲ್ಲಿ, ಜಿಎಸ್‌ಟಿ ತಂದದ್ದೇ ಅದನ್ನು ತಪ್ಪಿಸಲು.

ಇದಕ್ಕೆದುರಾಗಿ, ಮಾರ್ಜಿನ್ ಮೇಲೆ ಸರಿಯಾಗಿ ತೆರಿಗೆ ಹಾಕಿ ಬಿಲ್ಲು ಕೊಡುವ ವ್ಯವಸ್ಥೆ ಇದ್ದಿದ್ದರೆ ನಿಮ್ಮ ಪಾಲಿನ ಸೇವೆ 1 ಲಕ್ಷ ರೂಪಾಯಿ (40 ಲಕ್ಷದ 2.5%), ತೆರಿಗೆ 18,000. ಅಷ್ಟನ್ನೂ ನೀವು ಐಟಿಸಿ ಎಂದು ಎತ್ತಿಕೊಳ್ಳುತ್ತಿದ್ದಿರಿ, ಬ್ಯಾಂಕಿಗೂ ಪೂರ್ತಿ ಐಟಿಸಿ ಸಿಗುತ್ತಿದ್ದರಿಂದ ಆ 2,160 ಇಲ್ಲವಾಗುತ್ತಿತ್ತು. ಅಂದರೆ ತೆರಿಗೆ ಹಾಕಿದ್ದರೆ ನಿಮ್ಮ ಭಾರ ಸೊನ್ನೆ, ಹಾಕದ್ದರಿಂದ 2,160. ಅದೇ 40 ಲಕ್ಷವನ್ನು ಒಬ್ಬರು ಮನೆ ಕಟ್ಟಲು ಪಡೆದಿದ್ದರೆ ಲೆಕ್ಕ ತಿರುಗುತ್ತದೆ. ಅವರಿಗೆ ಐಟಿಸಿ ಇಲ್ಲ, ಅದೇ ಅಂಕಿಗಳಲ್ಲಿ 18,000 ಪೂರಾ ಕೈಯಿಂದ ಹೋಗಬೇಕಿತ್ತು. ಈಗ ಹೋಗುವುದು ಅದೇ ಅಡಗಿದ 2,160 ಮಾತ್ರ. ಬಡ್ಡಿ ವಿನಾಯಿತಿಯಿಂದ ಮನೆ ಸಾಲದವರಿಗೆ ಉಳಿತಾಯ, ಉದ್ದಿಮೆಯವರಿಗೆ ಭಾರ. ಬ್ಯಾಂಕಿನ ಮೇಲೆ ಸರ್ಕಾರ ಕರುಣೆ ತೋರಿಸಿದೆ ಎನ್ನುವವರು ಈ ಭೇದವನ್ನು ಗಮನಿಸುವುದಿಲ್ಲ.

ಇದೇ ಸೂತ್ರ ವಿಮೆಗೂ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ. ಜೊತೆಗೇ ಆ ಪಾಲಿಸಿಗಳಿಗೆ ಸಂಬಂಧಿಸಿದ ಐಟಿಸಿಯೂ ಕಂಪನಿಗೆ ಹೋಯಿತು. ಬಿಲ್ಲಿನಲ್ಲಿ ಕಾಣುತ್ತಿದ್ದ 18% ಹೋದರೂ ಒಳಗಿನ ತೆರಿಗೆ ಉಳಿದಿದೆ.

ಇನ್ನೊಂದು ಪರಿಣಾಮ ನಮ್ಮ ಊರಿನ ಸಣ್ಣ ಸೇವಾ ಸಂಸ್ಥೆಗಳಿಗೆ ತಟ್ಟುತ್ತದೆ. ಒಂದು ಬ್ಯಾಂಕು 1 ಲಕ್ಷದ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟರೆ 18,000 ತೆರಿಗೆ, ಅದರಲ್ಲಿ 9,000 ವಾಪಸ್ ಬಾರದು. ಅದೇ ಕೆಲಸಕ್ಕೆ ತನ್ನದೇ ಸಿಬ್ಬಂದಿ ಇಟ್ಟುಕೊಂಡರೆ ಪಗಾರಕ್ಕೆ ಜಿಎಸ್‌ಟಿ ಇಲ್ಲ. ಹೊರಗಿನವರು ಅದೇ ಗುಣಮಟ್ಟವನ್ನು ಕಡಿಮೆ ಬೆಲೆಗೆ ಕೊಟ್ಟರೂ ಬ್ಯಾಂಕಿಗೆ ಅದು ದುಬಾರಿ ಎನಿಸಬಹುದು.

ಇದಕ್ಕೆ ಮದ್ದು ನ್ಯೂಜಿಲೆಂಡ್ ಮಾಡಿ ತೋರಿಸಿದೆ. 2005ರಿಂದ ಅಲ್ಲಿ ನೋಂದಾಯಿತ ಉದ್ದಿಮೆಗಳಿಗೆ ಕೊಡುವ ಹಣಕಾಸು ಸೇವೆಯನ್ನು ಸೊನ್ನೆ ದರಕ್ಕೆ ಒಳಪಡಿಸುವ ಆಯ್ಕೆ ಬ್ಯಾಂಕಿಗಿದೆ. ಸೊನ್ನೆ ದರ ಎಂದರೆ ವಿನಾಯಿತಿಯಲ್ಲ. ಮಾರುವಾಗ ತೆರಿಗೆ 0%, ಆದರೆ ಕೊಂಡದ್ದರ ಮೇಲಿನ ಐಟಿಸಿ ಬ್ಯಾಂಕಿಗೆ ಸಿಗುತ್ತದೆ. ಮಾರ್ಜಿನ್ ಬಿಡಿಸುವ ಗೋಜಿಲ್ಲ, ಏಕೆಂದರೆ ಸೊನ್ನೆಯಿಂದ ಎಷ್ಟನ್ನು ಗುಣಿಸಿದರೂ ಸೊನ್ನೆ. ಉದ್ದಿಮೆಗಳ ನಡುವಿನ ಸರಪಳಿಯಲ್ಲಿ ತೆರಿಗೆ ಹಾಕಿ ವಾಪಸ್ ಕೊಡುವುದೂ, ಹಾಕದಿರುವುದೂ ಕೊನೆಗೆ ಒಂದೇ. ನನ್ನ ಅಭಿಪ್ರಾಯದಲ್ಲಿ ನಮ್ಮ ದೇಶಕ್ಕೆ ಹೊಂದುವ ಹೆಜ್ಜೆ ಇದೇ. ಸಿಸಿ, ಓಡಿ ಖಾತೆದಾರರ ಜಿಎಸ್‌ಟಿ ನಂಬರ್ ಬ್ಯಾಂಕಿನ ಬಳಿ ಹೇಗೂ ಇರಬಹುದು. ತೊಂದರೆ ಎಂದರೆ ಸರ್ಕಾರಕ್ಕೆ ಈಗ ಸದ್ದಿಲ್ಲದೆ ಬರುವ ಆದಾಯ ಕೈಬಿಡಬೇಕು, ಜೊತೆಗೆ ಉದ್ದಿಮೆಯ ಹೆಸರಲ್ಲಿ ಮನೆ ಖರ್ಚಿಗೆ ಸಾಲ ಪಡೆಯುವವರನ್ನು ಬೇರ್ಪಡಿಸಬೇಕು.

ಅದು ಆಗುವಾಗ ಆಗಲಿ. ಇವತ್ತಿನ ನಿಯಮದಲ್ಲಿ ನಿಮ್ಮ ಕೈಯಲ್ಲಿರುವುದು ನಾಲ್ಕು ವಿಷಯ.

ಮೊದಲನೆಯದು, ಬ್ಯಾಂಕಿನವರು 'ಪ್ರೊಸೆಸಿಂಗ್ ಫೀ ಮಾಫಿ, ಬಡ್ಡಿ ಕಾಲು ಪರ್ಸೆಂಟು ಹೆಚ್ಚು' ಎಂದಾಗ ಮಾಡಬೇಕಾದ ಲೆಕ್ಕ. ಫೀಗೆ ತೆರಿಗೆ ಇದ್ದು ಬಡ್ಡಿಗೆ ಇಲ್ಲದಿರುವುದರಿಂದ ಬ್ಯಾಂಕು ಇದರಿಂದ ಅದಕ್ಕೆ ಜಾರಿಸುವುದು ಸಹಜ. 40 ಲಕ್ಷದ ಮಿತಿಗೆ ಕಾಲು ಪರ್ಸೆಂಟು ಫೀ ಎಂದರೆ 10,000, ಜೊತೆಗೆ ಜಿಎಸ್‌ಟಿ 1,800. ಆ 1,800 ನಿಮಗೆ ಐಟಿಸಿ, ಆದ್ದರಿಂದ ನಿಜ ಖರ್ಚು 10,000. ಬಡ್ಡಿಯಲ್ಲಿ ಕಾಲು ಪರ್ಸೆಂಟು ಹೆಚ್ಚಾದರೆ ಮಿತಿ ಪೂರಾ ಬಳಸಿದಾಗ ಅದೂ 10,000, ಅರ್ಧ ಬಳಸಿದಾಗ 5,000. ಫೀ ಬೀಳುವುದು ಮಿತಿಯ ಮೇಲೆ, ಬಡ್ಡಿ ಬೀಳುವುದು ಎತ್ತಿದ ಹಣದ ಮೇಲೆ. ನಿಮ್ಮ ಖಾತೆ ಸದಾ ತುಂಬಿರುವುದರಿಂದ ಎರಡೂ ಸಮ. ಆದರೆ ಫೀ ಮಾಫಿಗೆ ಪ್ರತಿಯಾಗಿ ಕಾಲು ಪರ್ಸೆಂಟಿಗಿಂತ ಹೆಚ್ಚು ಬಡ್ಡಿ ಕೇಳಿದರೆ ಒಪ್ಪಬೇಡಿ. '11,800 ಉಳಿಯಿತು' ಎಂದು ಅವರು ತೋರಿಸುವ ಅಂಕಿ ಐಟಿಸಿ ಇಲ್ಲದವರಿಗೆ ಸರಿ, ನಿಮಗಲ್ಲ.

ಎರಡನೆಯದು ಕ್ರೆಡಿಟ್ ಕಾರ್ಡು. ಕಾರ್ಡಿನಲ್ಲಿ ಸಾಮಾನು ತಂದು ಬಾಕಿ ಉಳಿಸಿಕೊಂಡರೆ ಬಡ್ಡಿಗೂ 18% ಬೀಳುತ್ತದೆ. ಕಾರ್ಡು ಸ್ವಂತ ಹೆಸರಿನಲ್ಲಿದ್ದರೆ ಆ ತೆರಿಗೆ ಉದ್ದಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಸಿಸಿಯಲ್ಲಿ ಜಾಗ ಇದ್ದಾಗ ಕಾರ್ಡಿನ ಬಾಕಿ ಉಳಿಸಿಕೊಳ್ಳಬೇಡಿ.

ಮೂರನೆಯದು ನೀವೇ ಬಡ್ಡಿ ಪಡೆಯುವ ಸಂದರ್ಭ. ಬ್ಯಾಂಕ್ ಗ್ಯಾರಂಟಿಗೆಂದು ಇಟ್ಟ ಎಫ್‌ಡಿಯ ಬಡ್ಡಿ ವಿನಾಯಿತಿ ಆದಾಯವಾದರೂ, ಬ್ಯಾಂಕು ಅಲ್ಲದವರು ಅದಕ್ಕಾಗಿ ಐಟಿಸಿ ವಾಪಸ್ ಮಾಡಬೇಕಾಗಿಲ್ಲ. 43ನೇ ನಿಯಮದ ವಿವರಣೆ ಅದನ್ನು ಲೆಕ್ಕದಿಂದ ಹೊರಗಿಟ್ಟಿದೆ, ಆಡಿಟಿನಲ್ಲಿ ಯಾರಾದರೂ ಕೇಳಿದರೆ ಅದನ್ನೇ ತೋರಿಸಿ. ಆದರೆ ಮಾಲು ಕೊಂಡ ಕಂಪನಿ ತಡವಾಗಿ ಹಣ ಕೊಟ್ಟು ಅದಕ್ಕೆ ಬಡ್ಡಿ ಸೇರಿಸಿದರೆ ಕಥೆ ಬೇರೆ. 15(2)(ಡಿ) ಕಲಂ ಪ್ರಕಾರ ಅದು ಮಾಲಿನ ಬೆಲೆಯ ಭಾಗ, ಮಾಲಿಗೆ ಇದ್ದ ದರದಲ್ಲೇ ತೆರಿಗೆ. ಅದನ್ನು ಕಟ್ಟಬೇಕಾದದ್ದು ಆ ಬಡ್ಡಿ ಕೈಗೆ ಬಂದಾಗ. ಡೆಬಿಟ್ ನೋಟ್ ಕೊಟ್ಟರೆ ಅವರಿಗೆ ಐಟಿಸಿ ಸಿಗುತ್ತದೆ, ಆದ್ದರಿಂದ ಅವರಿಗೂ ತಕರಾರು ಇರಬಾರದು.

ನಾಲ್ಕನೆಯದರಲ್ಲಿ ಉದ್ದಿಮೆಯವರು ಹಣ ಬಿಟ್ಟುಕೊಡುತ್ತಾರೆ. ಫೀಗಳ ಮೇಲಿನ ಜಿಎಸ್‌ಟಿ ಸಿಸಿ ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ 'ಬ್ಯಾಂಕ್ ಚಾರ್ಜಸ್' ಎಂದು ಒಟ್ಟಿಗೇ ಖರ್ಚಿಗೆ ಬರೆದುಬಿಡುತ್ತಾರೆ. ಖಾತೆಗೆ ನಿಮ್ಮ ಜಿಎಸ್‌ಟಿ ನಂಬರ್ ಸೇರಿಸಿದೆಯೇ ಎಂದು ಶಾಖೆಯಲ್ಲಿ ಕೇಳಿ. ಸೇರಿಸದಿದ್ದರೆ ಬ್ಯಾಂಕು ನಿಮ್ಮನ್ನು ಸಾಮಾನ್ಯ ಗ್ರಾಹಕರೆಂದು ತೋರಿಸುತ್ತದೆ, GSTR-2Bಯಲ್ಲಿ ಏನೂ ಬರುವುದಿಲ್ಲ. ಬ್ಯಾಂಕು ಪ್ರತಿ ಫೀಗೆ ಬೇರೆ ಬೇರೆ ಬಿಲ್ಲು ಕೊಡಬೇಕಾಗಿಲ್ಲ, ತಿಂಗಳಿಗೊಂದು ಒಟ್ಟು ಬಿಲ್ಲು ಅಥವಾ ಸ್ಟೇಟ್‌ಮೆಂಟ್ ಸಾಕು ಎಂದು 54ನೇ ನಿಯಮ ಹೇಳುತ್ತದೆ. ಅದನ್ನು ಮೇಲ್‌ನಲ್ಲಿ ತರಿಸಿಕೊಂಡು ಖಾತೆಯ ಕಡಿತಗಳ ಜೊತೆ ಹೋಲಿಸಿ. ಹೊಸ ಯಂತ್ರದ ಸಾಲದ ಫೀಯನ್ನು ಯಂತ್ರದ ಬೆಲೆಗೆ ಸೇರಿಸುವಾಗ ತೆರಿಗೆಯ ಭಾಗವನ್ನು ಸೇರಿಸಬೇಡಿ. ಅದರ ಮೇಲೆ ಸವಕಳಿ ತೆಗೆದುಕೊಂಡರೆ ಐಟಿಸಿ ಹೋಗುತ್ತದೆ. ಕಂತು ತಪ್ಪಿದ್ದಕ್ಕೆ ಹಾಕುವ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು 2025ರ ಜನವರಿಯ ಸುತ್ತೋಲೆ, ಚೆಕ್ ಅಮಾನ್ಯವಾದ ದಂಡಕ್ಕೂ ಇಲ್ಲ ಎಂದು 2022ರ ಆಗಸ್ಟಿನ ಸುತ್ತೋಲೆ ಸ್ಪಷ್ಟಪಡಿಸಿವೆ. ಹಾಕಿದ್ದರೆ ಸುತ್ತೋಲೆ ತೋರಿಸಿ ವಾಪಸ್ ಕೇಳಿ. ಹಿಂದಿನ ವರ್ಷದ ಫೀಗಳ ಐಟಿಸಿ ಉಳಿದಿದ್ದರೆ ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸುವುದಾದರೆ ಅದಕ್ಕೆ ಮುಂಚೆ, ಎತ್ತಿಕೊಳ್ಳಬೇಕು.